ಒಂಬತ್ತು ಕಾರ್ಡ್ ಹಾಕಿದ್ದೇನೆ, ಒಂದು ಕರೆಯೂ ಇಲ್ಲ: ಲಿಂಕ್ಡ್‌ಇನ್ ಫೀಚರ್ಡ್ ವಿಭಾಗದಲ್ಲಿ ಏನನ್ನು ಉಳಿಸಲಿ?

ಗೇರುಬೀಜದ ಲೆಕ್ಕ, ಕಾರ್ಕಳ

ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಊರಿನ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಓದಿದ್ದು ಬಿಕಾಂ. ಎರಡು ವರ್ಷದಿಂದ ರಾತ್ರಿ ಊಟವಾದ ಮೇಲೆ ಕುಳಿತು ಅಂಕಿಗಳಿಂದ ವರದಿ ಮಾಡುವ ಪವರ್ ಬಿಐ, ಡೇಟಾಬೇಸ್‌ನಿಂದ ಅಂಕಿ ತೆಗೆಯುವ ಎಸ್‌ಕ್ಯೂಎಲ್ ಕಲಿತೆ. ಈಗ ಮಂಗಳೂರಿನಲ್ಲಿ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದೇನೆ.

ಪ್ರೊಫೈಲ್‌ನ ಮೇಲಿನ ಸಾಲಿನಲ್ಲಿ ಮೂರು ಮಾತು ಹೇಳಿಕೊಂಡಿದ್ದೇನೆ. ಪವರ್ ಬಿಐ ಗೊತ್ತು, ಎಸ್‌ಕ್ಯೂಎಲ್ ಗೊತ್ತು, ಕಾರ್ಖಾನೆಯ ತಿಂಗಳ ವರದಿಗೆ ಹಿಡಿಯುತ್ತಿದ್ದ ಮೂರು ದಿನವನ್ನು ಅರ್ಧ ದಿನಕ್ಕೆ ಇಳಿಸಿದ್ದೇನೆ. ಮೂರೂ ನಿಜ.

ಕೆಳಗಿನ ಫೀಚರ್ಡ್ ವಿಭಾಗದಲ್ಲಿ ಒಂಬತ್ತು ಕಾರ್ಡ್‌ಗಳಿವೆ. ಐದು ಸರ್ಟಿಫಿಕೇಟ್‌ಗಳ ಚಿತ್ರ, ಗೂಗಲ್ ಡ್ರೈವ್‌ನಲ್ಲಿರುವ ರೆಸ್ಯೂಮೆ, ಗಿಟ್‌ಹಬ್ ಖಾತೆಯ ಲಿಂಕ್, ದಕ್ಷಿಣ ಕನ್ನಡದ ಭತ್ತದ ಬೇಸಾಯದ ಬಗ್ಗೆ ಮಾಡಿದ ಪವರ್ ಬಿಐ ಡ್ಯಾಶ್‌ಬೋರ್ಡ್, ಅದೇ ವಿಷಯದಲ್ಲಿ ಒಂದು ಸ್ಥಳೀಯ ಪತ್ರಿಕೆಯಲ್ಲಿ ಬಂದ ನನ್ನ ಲೇಖನದ ಇ-ಪೇಪರ್ ಲಿಂಕ್. ಎರಡು ತಿಂಗಳಾಯಿತು. ಪ್ರೊಫೈಲ್ ನೋಡಿದವರ ಸಂಖ್ಯೆ ಏರುತ್ತಿದೆ, ಕರೆ ಮಾತ್ರ ಬರುತ್ತಿಲ್ಲ. ಇನ್ನೂ ಏನನ್ನು ಸೇರಿಸಬೇಕು?

ಮಣಿಪಾಲದ ಮೆಟ್ಟಿಲು

ಮೇಡಂ, ಐದು ಸರ್ಟಿಫಿಕೇಟ್ ಸಾಲದು. ನಾನು ವಿದ್ಯಾರ್ಥಿಗಳಿಗೆ ಉದ್ಯೋಗ ತರಬೇತಿ ಕೊಡುವವನು. ನಮ್ಮ ಹುಡುಗರು ಹನ್ನೆರಡು, ಹದಿನೈದು ಹಾಕುತ್ತಾರೆ. ನಿಮಗೆ ಪವರ್ ಬಿಐ ಗೊತ್ತು ಎಂದು ನೀವು ಹೇಳುವುದಕ್ಕೂ ಒಂದು ಸಂಸ್ಥೆ ಮೊಹರು ಒತ್ತಿ ಹೇಳುವುದಕ್ಕೂ ವ್ಯತ್ಯಾಸ ಇದೆ. ಸರ್ಟಿಫಿಕೇಟೇ ಸಾಕ್ಷಿ. ಅವೆಲ್ಲ ಮೇಲಿರಲಿ, ಉಳಿದದ್ದು ಕೆಳಗೆ ಹೋಗಲಿ.

ಮಲ್ಪೆಯ ಮಳೆ

ಫೀಚರ್ಡ್ ಎಂದರೆ ಹಣ ಕೊಟ್ಟು ಪ್ರೊಫೈಲನ್ನು ಮೇಲೆ ತೋರಿಸುವ ವ್ಯವಸ್ಥೆ ಅಲ್ಲವೇ? ಪ್ರೀಮಿಯಂ ತೆಗೆದುಕೊಳ್ಳುವುದು ದಂಡ. ನಾನು ಒಂದು ತಿಂಗಳು ಉಚಿತವೆಂದು ತೆಗೆದುಕೊಂಡು, ರದ್ದು ಮಾಡಲು ಮರೆತು ಕೈ ಸುಟ್ಟುಕೊಂಡೆ.

ಸುರತ್ಕಲ್ ಲೋಕಲ್

ಅದು ಬೇರೆ ಮಾರಾಯರೇ. ಇದಕ್ಕೆ ದುಡ್ಡಿಲ್ಲ. ನಾವೇ ಆರಿಸಿದ ಲಿಂಕ್, ಪೋಸ್ಟ್, ಲೇಖನ, ಪಿಡಿಎಫ್‌ಗಳನ್ನು ಪ್ರೊಫೈಲ್‌ನಲ್ಲಿ ಎದ್ದು ಕಾಣುವಂತೆ ಕಾರ್ಡ್‌ಗಳಾಗಿ ಇಡುವ ಜಾಗ ಅದು.

ಕಾರ್ಕಳದ ಅಕ್ಕನಿಗೆ: ನೀವು ಲಿಂಕ್ ಹಾಕಿದ್ದೀರಿ, ಸರಿ. ಅವನ್ನು ಹೊರಗಿನವರ ಕಣ್ಣಿನಿಂದ ಒಮ್ಮೆ ತೆರೆದು ನೋಡಿದ್ದೀರಾ? ಮೊಬೈಲ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಯಾವ ಖಾತೆಗೂ ಲಾಗಿನ್ ಆಗಬೇಡಿ. ಅಲ್ಲಿ ಒಂದೊಂದೇ ಲಿಂಕ್ ಒತ್ತಿ, ಏನು ಕಾಣಿಸಿತೆಂದು ಇಲ್ಲಿ ಬರೆಯಿರಿ.

ಗೇರುಬೀಜದ ಲೆಕ್ಕ

ನೋಡಿದೆ. ತಲೆ ತಗ್ಗಿಸುವಂತಾಯಿತು.

ರೆಸ್ಯೂಮೆ ಒತ್ತಿದರೆ ಅನುಮತಿ ಕೇಳುವ ಪುಟ ಬರುತ್ತದೆ. ಡ್ಯಾಶ್‌ಬೋರ್ಡ್ ಲಾಗಿನ್ ಕೇಳುತ್ತದೆ. ಅದನ್ನು ನಾನು ಕೋರ್ಸ್ ಮಾಡಿದ ಸಂಸ್ಥೆ ಕೊಟ್ಟ ಖಾತೆಯಲ್ಲಿ ಮಾಡಿದ್ದೆ. ಈಗ ಆ ಖಾತೆಯೇ ಮುಚ್ಚಿಹೋಗಿದೆ, ನನಗೂ ಒಳಗೆ ಹೋಗಲಾಗುತ್ತಿಲ್ಲ. ಇ-ಪೇಪರ್ ಲಿಂಕ್ ಆ ದಿನದ ಪುಟಕ್ಕೆ ಹೋಗುವ ಬದಲು ಇವತ್ತಿನ ಮುಖಪುಟಕ್ಕೆ ಹೋಗುತ್ತಿದೆ. ಗಿಟ್‌ಹಬ್ ತೆರೆಯುತ್ತದೆ, ಆದರೆ ಅಲ್ಲಿ ಹದಿನಾಲ್ಕು ಕಡತಕೋಶಗಳಿವೆ, ಹತ್ತು ಅಭ್ಯಾಸಕ್ಕೆ ಮಾಡಿದವು. ಸರಿಯಾಗಿ ಕಾಣುವುದು ಸರ್ಟಿಫಿಕೇಟ್‌ಗಳ ಚಿತ್ರ ಮಾತ್ರ.

ಬೆಂದೂರಿನ ಬೆಂಚು

ಮಂಗಳೂರಿನಲ್ಲಿ ಒಂದು ಡೇಟಾ ತಂಡಕ್ಕೆ ಜನ ಆರಿಸುವ ಕೆಲಸ ನನ್ನದು. ನಾನು ಹೇಗೆ ನೋಡುತ್ತೇನೆಂದು ಹೇಳುತ್ತೇನೆ. ಎಲ್ಲರೂ ಹೀಗೆಯೇ ನೋಡುತ್ತಾರೆ ಎಂಬ ಹಟ ನನಗಿಲ್ಲ.

ಮೊದಲು ಓದುವುದು ಮೇಲಿನ ಸಾಲು. ನಿಮ್ಮ ಮೂರು ಮಾತುಗಳಲ್ಲಿ ಪವರ್ ಬಿಐ, ಎಸ್‌ಕ್ಯೂಎಲ್ ಎರಡನ್ನೂ ನೂರು ಜನ ಬರೆದಿರುತ್ತಾರೆ. ಮೂರು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು ಎನ್ನುವುದು ನಿಮ್ಮದೊಂದೇ. ಅದನ್ನು ಓದಿದ ಕೂಡಲೇ ನನ್ನ ತಲೆಯಲ್ಲಿ ಹುಟ್ಟುವ ಪ್ರಶ್ನೆ, ‘ಹೇಗೆ?’ ಉತ್ತರ ಸಿಗುತ್ತದೆಯೋ ಎಂದು ಕಣ್ಣು ಕೆಳಗೆ ಇಳಿಯುತ್ತದೆ. ಇಳಿದರೆ ಅಲ್ಲಿ ಐದು ಸರ್ಟಿಫಿಕೇಟ್! ನಿಮ್ಮ ಅತ್ಯಂತ ಗಟ್ಟಿಯಾದ ಮಾತಿಗೆ ಒಂಬತ್ತು ಕಾರ್ಡ್‌ಗಳಲ್ಲಿ ಒಂದೂ ಸಾಕ್ಷಿಯಿಲ್ಲ. ಮೊಬೈಲ್‌ನಲ್ಲಿ ಮೊದಲ ಕಾರ್ಡ್ ಪೂರ್ತಿ ಕಾಣುತ್ತದೆ, ಎರಡನೆಯದರ ಅಂಚು ಕಾಣುತ್ತದೆ. ಉಳಿದದ್ದಕ್ಕೆ ಬೆರಳಿನಿಂದ ಸರಿಸಬೇಕು. ಆರನೆಯದರವರೆಗೆ ನಾನಂತೂ ಸರಿಸಿದವನಲ್ಲ.

ಹಾಗಾಗಿ ಏನನ್ನು ಸೇರಿಸಲಿ ಎಂಬ ಪ್ರಶ್ನೆಯನ್ನು ಬಿಡಿ. ಮೂರು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಎದುರಿಗೆ, ಅಪರಿಚಿತನೊಬ್ಬ ಒಂದೆರಡು ನಿಮಿಷದಲ್ಲಿ ತೆರೆದು ನೋಡಿ ಒಪ್ಪಬಹುದಾದ ಒಂದೇ ಒಂದು ವಸ್ತುವನ್ನು ಬರೆಯಿರಿ. ಯಾವ ಮಾತಿನ ಎದುರಿಗೂ ಬಾರದ ಕಾರ್ಡ್ ತೆಗೆದುಬಿಡಿ. ಎದುರಿಗೆ ಏನೂ ಇಲ್ಲದ ಮಾತಿದ್ದರೆ ಆ ವಸ್ತುವನ್ನು ಈಗ ತಯಾರಿಸಬೇಕು, ಇಲ್ಲವೇ ಮಾತನ್ನು ಹಿಂತೆಗೆದುಕೊಳ್ಳಬೇಕು.

ಮಣಿಪಾಲದ ಮೆಟ್ಟಿಲು

ಸರ್, ಹಾಗಾದರೆ ಸರ್ಟಿಫಿಕೇಟ್‌ಗೆ ಬೆಲೆಯೇ ಇಲ್ಲವೇ? ಕೆಲವು ಕಂಪನಿಗಳಿಗೆ ಮೈಕ್ರೋಸಾಫ್ಟ್ ಪಾಲುದಾರಿಕೆ ಉಳಿಸಿಕೊಳ್ಳಲು ಇಷ್ಟು ಮಂದಿ ಪರೀಕ್ಷೆ ಪಾಸಾದವರು ಬೇಕು ಎಂಬ ಲೆಕ್ಕ ಇರುತ್ತದೆ. ಅಂಥಲ್ಲಿ ಮೊದಲು ಕೇಳುವುದೇ ಅದನ್ನು.

ಬೆಂದೂರಿನ ಬೆಂಚು

ಆ ಮಾತು ಸರಿ. ಕೆಲಸದ ಜಾಹೀರಾತಿನಲ್ಲೇ ಮೈಕ್ರೋಸಾಫ್ಟ್‌ನ ಪವರ್ ಬಿಐ ಪರೀಕ್ಷೆಯಾದ `PL-300` ಬೇಕು ಎಂದು ಬರೆದಿದ್ದರೆ ಅದೊಂದನ್ನು ಫೀಚರ್ಡ್‌ನಲ್ಲಿ ಇಡಬಹುದು. ಉಳಿದವಕ್ಕೆ ಬೇರೆಯೇ ಮನೆ ಇದೆಯಲ್ಲ, `Licenses & certifications`. ಅಲ್ಲಿ ಕೊಟ್ಟ ಸಂಸ್ಥೆ, ದಿನಾಂಕ, ಸರ್ಟಿಫಿಕೇಟ್ ಸಂಖ್ಯೆ, ಪರಿಶೀಲನೆಯ ಲಿಂಕ್ ಎಲ್ಲಕ್ಕೂ ಜಾಗ ಇದೆ. ಲಿಂಕ್ ಒತ್ತಿದರೆ ಕೊಟ್ಟವರ ಪುಟದಲ್ಲೇ ಹೆಸರು ಕಾಣುತ್ತದೆ. ಬರೀ ಚಿತ್ರವಾದರೆ ಯಾರು ಬೇಕಾದರೂ ಹೆಸರು ಬದಲಿಸಿ ಹಾಕಬಹುದು, ಅದನ್ನು ನಾನು ಸಾಕ್ಷಿ ಎಂದು ಎಣಿಸುವುದಿಲ್ಲ.

ಕಾರ್ಕಳದ ಮೇಡಂ, ನಿಮ್ಮ ಐದು ಯಾವುವು?

ಗೇರುಬೀಜದ ಲೆಕ್ಕ

ಒಂದು `PL-300`, ಪಾಸಾಗಿ ಹದಿನಾಲ್ಕು ತಿಂಗಳಾಯಿತು. ಒಂದು ಐಐಟಿಗಳ ಆನ್‌ಲೈನ್ ಪಾಠ ವ್ಯವಸ್ಥೆಯಾದ ಎನ್‌ಪಿಟಿಇಎಲ್‌ನ ಡೇಟಾಬೇಸ್ ಕೋರ್ಸ್, 68 ಅಂಕ. ಉಳಿದ ಮೂರು ವಿಡಿಯೊ ನೋಡಿ ಮುಗಿಸಿದಾಗ ತಾನಾಗಿ ಬರುವಂಥವು.

ಬೆಂದೂರಿನ ಬೆಂಚು

ಮೊದಲನೆಯದನ್ನು ಇವತ್ತೇ ನೋಡಿ. `PL-300` ಒಂದು ವರ್ಷಕ್ಕೆ ಮುಗಿಯುತ್ತದೆ. ಮುಗಿಯುವ ಮುಂಚಿನ ಆರು ತಿಂಗಳಲ್ಲಿ ಆನ್‌ಲೈನ್ ಪರೀಕ್ಷೆ ಬರೆದು ಪುಕ್ಕಟೆಯಾಗಿ ನವೀಕರಿಸಬಹುದು. ಆ ಅವಧಿ ದಾಟಿದರೆ ಮತ್ತೆ ಶುಲ್ಕ ಕಟ್ಟಿ ಮೊದಲಿನಿಂದ ಬರೆಯಬೇಕು. ನೀವು ನವೀಕರಿಸಿರದಿದ್ದರೆ ಆ ಚಿತ್ರ ಈಗ ಸತ್ತ ಸರ್ಟಿಫಿಕೇಟನ್ನು ಬದುಕಿದೆ ಎಂದು ಹೇಳುತ್ತಿದೆ.

ಎನ್‌ಪಿಟಿಇಎಲ್‌ನದು ನನಗೆ ಇಷ್ಟ. ಪರೀಕ್ಷಾ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಬರೆದ ಪರೀಕ್ಷೆಗೆ 75 ಅಂಕ, ವಾರದ ಅಸೈನ್‌ಮೆಂಟ್‌ಗಳಿಗೆ 25. 68 ಎಂದರೆ ‘ಎಲೀಟ್’ ಆಯಿತು, ಅದು 60ರಿಂದ ಶುರುವಾಗುತ್ತದೆ. ಇದು ಸರ್ಟಿಫಿಕೇಟ್ ವಿಭಾಗದಲ್ಲಿ ಮೊದಲಿಗಿರಲಿ. ವಿಡಿಯೊ ನೋಡಿ ಬಂದ ಮೂರನ್ನು ನಾನಾಗಿದ್ದರೆ ಎಲ್ಲಿಯೂ ಹಾಕುತ್ತಿರಲಿಲ್ಲ.

ಮಣಿಪಾಲದ ಮೆಟ್ಟಿಲು

ಮೂರನ್ನೂ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಅನುಭವವಿಲ್ಲದ ಹುಡುಗರಿಗೆ ತೋರಿಸಲು ಬೇರೇನಿದೆ?

ಬೆಂದೂರಿನ ಬೆಂಚು

ಇವರಿಗೆ ನಾಲ್ಕು ವರ್ಷದ ಅನುಭವ ಇದೆಯಲ್ಲ ಸರ್. ನಿಮ್ಮ ಹುಡುಗರ ಮಾತು ಬೇರೆ.

ಗೇರುಬೀಜದ ಲೆಕ್ಕ

`PL-300` ಅವಧಿ ಮುಗಿದು ಎರಡು ತಿಂಗಳಾಗಿದೆ. ನೆನಪಿಸುವ ಇಮೇಲ್ ಬಂದಿತ್ತು. ಜಾಹೀರಾತೆಂದುಕೊಂಡು ತೆರೆದಿರಲಿಲ್ಲ.

ಇನ್ನೊಂದು ಕಷ್ಟ. ಕಾರ್ಖಾನೆಯ ವರದಿಯನ್ನು ಹೊರಗೆ ತೋರಿಸುವುದು ಹೇಗೆ? ಧಣಿಗಳು ಒಳ್ಳೆಯವರು, ಆದರೆ ಲೆಕ್ಕದ ವಿಷಯದಲ್ಲಿ ಕಟ್ಟುನಿಟ್ಟು. ಎಲ್ಲ ಅಂಕಿಗಳನ್ನೂ 1.3ರಿಂದ ಗುಣಿಸಿ ಹಾಕಿದರೆ ಗುಟ್ಟು ಉಳಿಯುತ್ತದೆಯೇ?

ಬೆಂದೂರಿನ ಬೆಂಚು

ಉಳಿಯುವುದಿಲ್ಲ. ನಿಮ್ಮ ವ್ಯಾಪಾರದಲ್ಲಂತೂ ಖಂಡಿತ ಇಲ್ಲ. ಗೇರುಬೀಜದಲ್ಲಿ ಎಲ್ಲರೂ ಕೇಳುವ ಅಂಕಿ ಔಟ್‌ಟರ್ನ್ ತಾನೇ? 80 ಕಿಲೋ ಕಚ್ಚಾ ಬೀಜದ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬಂತು ಎಂಬುದು. ಬೀಜವನ್ನೂ 1.3ರಿಂದ ಗುಣಿಸಿ ತಿರುಳನ್ನೂ 1.3ರಿಂದ ಗುಣಿಸಿದರೆ ಭಾಗಾಕಾರದಲ್ಲಿ ಎರಡೂ ಹೊಡೆದುಹೋಗುತ್ತವೆ. 48 ಪೌಂಡ್ ಇದ್ದದ್ದು 48 ಆಗಿಯೇ ಉಳಿಯುತ್ತದೆ. ಯಾವ ಗ್ರೇಡ್ ಎಷ್ಟು ಪಾಲು ಬಂತು ಎನ್ನುವುದೂ ಹಾಗೆಯೇ. ಪಕ್ಕದ ಕಾರ್ಖಾನೆಯವರಿಗೆ ಬೇಕಾದದ್ದು ಅವೆರಡೇ, ಅವನ್ನು ನೀವು ತಟ್ಟೆಯಲ್ಲಿಟ್ಟು ಕೊಟ್ಟಂತಾಯಿತು.

ನಿಜವಾದ ಅಂಕಿಯನ್ನು ಮುಟ್ಟಲೇಬೇಡಿ. ಹೊಸದಾಗಿ ಇನ್ನೂರು ಸಾಲಿನ ಕಾಲ್ಪನಿಕ ಲೆಕ್ಕ ಬರೆಯಿರಿ, ಕಾಲ್ಪನಿಕ ಎಂದು ಮೊದಲ ಪುಟದಲ್ಲೇ ಹೇಳಿ. ನನಗೆ ಬೇಕಿರುವುದು ನಿಮ್ಮ ಧಣಿಗಳ ಲಾಭವಲ್ಲ, ಮೂರು ದಿನ ಎಲ್ಲಿ ಹೋಗುತ್ತಿತ್ತು ಎಂಬ ಕಥೆ. ಎಲ್ಲಿ ಹೋಗುತ್ತಿತ್ತು?

ಗೇರುಬೀಜದ ಲೆಕ್ಕ

ಬೇಯಿಸುವ ವಿಭಾಗ, ಸುಲಿಯುವ ವಿಭಾಗ, ಗ್ರೇಡಿಂಗ್, ಮೂವರೂ ಬೇರೆ ಬೇರೆ ಎಕ್ಸೆಲ್ ಕಡತ ಕಳುಹಿಸುತ್ತಿದ್ದರು. ಒಂದೇ ಗ್ರೇಡನ್ನು ಒಬ್ಬರು `W320` ಎಂದು ಬರೆದರೆ ಇನ್ನೊಬ್ಬರು `320 W`, ಮತ್ತೊಬ್ಬರು ಬರೀ `320`. ತೂಕ ಒಂದರಲ್ಲಿ ಕಿಲೋ, ಇನ್ನೊಂದರಲ್ಲಿ ಡಬ್ಬದ ಲೆಕ್ಕ. ಅದನ್ನೆಲ್ಲ ಕೈಯಿಂದ ತಿದ್ದಿ ಒಟ್ಟು ಮಾಡಿ ತಾಳೆ ನೋಡುವಷ್ಟರಲ್ಲಿ ಮೂರನೆಯ ದಿನ ಸಂಜೆಯಾಗುತ್ತಿತ್ತು. ನಾನು ಗ್ರೇಡಿನ ಹೆಸರುಗಳಿಗೆ ಒಂದು ಹೊಂದಾಣಿಕೆಯ ಪಟ್ಟಿ ಮಾಡಿದೆ, ಪವರ್ ಕ್ವೆರಿಯಲ್ಲಿ ಮೂರೂ ಕಡತ ತಾವಾಗಿ ಸೇರುವಂತೆ ಮಾಡಿದೆ. ಈಗ ತಾಳೆ ನೋಡುವುದಕ್ಕೆ ಮಾತ್ರ ಅರ್ಧ ದಿನ.

ಬೆಂದೂರಿನ ಬೆಂಚು

ಇದೇ ನಿಮ್ಮ ಮೊದಲ ಕಾರ್ಡ್. ಈಗ ಬರೆದದ್ದನ್ನೇ ನಾಲ್ಕು ಪುಟದ ಪಿಡಿಎಫ್ ಮಾಡಿ. ಮೊದಲ ಪುಟದಲ್ಲಿ ಮೂರು ಕಡತಗಳ ಗಲಿಬಿಲಿ, ಎರಡನೆಯದರಲ್ಲಿ ಹೊಂದಾಣಿಕೆಯ ಪಟ್ಟಿ, ಮೂರನೆಯದರಲ್ಲಿ ವರದಿಯ ಚಿತ್ರ. ನಾಲ್ಕನೆಯದರಲ್ಲಿ ನೀವು ಮಾಡಿದ್ದು ಯಾವುದು, ಬೇರೆಯವರು ಮಾಡಿದ್ದು ಯಾವುದು, ಅರ್ಧ ದಿನ ಇನ್ನೂ ಯಾಕೆ ಹಿಡಿಯುತ್ತದೆ. ಈ ಕೊನೆಯದನ್ನು ಬಿಡಬೇಡಿ. ಉಳಿದ ಅರ್ಧ ದಿನದ ಬಗ್ಗೆ ಹೇಳುವವರು ಮಾತ್ರ ನಿಜವಾಗಿ ಆ ಕೆಲಸ ಮಾಡಿರುತ್ತಾರೆ. ಹಾಕುವ ಮುಂಚೆ ಧಣಿಗಳಿಗೆ ಒಮ್ಮೆ ತೋರಿಸಿ.

ಕುಂದಾಪುರದ ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ. ಆ ಭತ್ತದ ಲೇಖನವನ್ನು ಪತ್ರಿಕೆಯಲ್ಲಿ ಓದಿದ್ದ ನೆನಪು. ‘1997ರ ಬಳಿಕ ದಕ್ಷಿಣ ಕನ್ನಡದಲ್ಲಿ ಭತ್ತದ ಬೇಸಾಯ ಒಮ್ಮೆಲೇ ಕುಸಿಯಿತು’ ಎಂದು ಬರೆದದ್ದು ನೀವೇ ಅಲ್ಲವೇ ತಂಗಿ? ಆ ವರ್ಷ ಏನಾಯಿತು ಗೊತ್ತಿದೆಯಷ್ಟೇ? ಉಡುಪಿ ಬೇರೆ ಜಿಲ್ಲೆಯಾಯಿತು. ಉಡುಪಿ, ಕುಂದಾಪುರ, ಕಾರ್ಕಳ ಮೂರು ತಾಲ್ಲೂಕುಗಳು ಆ ಕಡೆಗೆ ಹೋದವು. ಗದ್ದೆಗಳು ಎಲ್ಲಿಗೂ ಹೋಗಲಿಲ್ಲ, ಲೆಕ್ಕದ ಪುಸ್ತಕ ಬದಲಾಯಿತು. ನೀವು ಕಾರ್ಕಳದಲ್ಲೇ ಕುಳಿತು ಕಾರ್ಕಳವನ್ನು ಬಿಟ್ಟುಬಿಟ್ಟಿರಿ.

ಗೇರುಬೀಜದ ಲೆಕ್ಕ

ಅಯ್ಯೋ ದೇವರೇ. ಹೌದು. 1990ರಿಂದ 2010ರವರೆಗಿನ ಜಿಲ್ಲಾ ಅಂಕಿಅಂಶದ ಪುಸ್ತಕಗಳಿಂದ ಟೈಪ್ ಮಾಡಿಕೊಂಡೆ. ಹೆಸರು ಎಲ್ಲ ವರ್ಷವೂ ದಕ್ಷಿಣ ಕನ್ನಡ ಎಂದೇ ಇತ್ತು. ಸಂಶಯ ಬರಲಿಲ್ಲ.

ಬೆಂದೂರಿನ ಬೆಂಚು

ಓದುಗರಿಗೆ ಕೈಮುಗಿದೆ. ಡ್ಯಾಶ್‌ಬೋರ್ಡ್ ತೆರೆಯದೇ ಇದ್ದದ್ದು ಮೇಡಂ ಅವರ ಪುಣ್ಯ! ತೆರೆದಿದ್ದರೆ, ಮಂಗಳೂರಿನಲ್ಲಿ ಸಂದರ್ಶನ ಮಾಡುವವರು ಯಾರಾದರೂ ಇದನ್ನೇ ಹಿಡಿಯುತ್ತಿದ್ದರು.

ಇಂಥದ್ದನ್ನು ನಾವೇ ಕಂಡುಹಿಡಿಯುವ ದಾರಿ ಇದೆ. ಗೆರೆ ಹಲವು ವರ್ಷ ಮೆಲ್ಲಗೆ ಇಳಿದರೆ ಅದು ಬೇಸಾಯದ ಕಥೆಯಾಗಿರಬಹುದು. ಒಂದೇ ವರ್ಷದಲ್ಲಿ ಬಿದ್ದು, ಮತ್ತೆ ಸಮತಟ್ಟಾಗಿ ನಡೆದರೆ ಮೊದಲು ಎಣಿಕೆಯ ಮೇಲೆ ಸಂಶಯ ಬರಬೇಕು. ತಾಲ್ಲೂಕುಗಳ ಸಂಖ್ಯೆ ಎಣಿಸಿದರೆ ಅಲ್ಲೇ ಗೊತ್ತಾಗುತ್ತದೆ. ಅದೇ 1997ರಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರ ಕೂಡ ಹುಟ್ಟಿದವು. ಹಾಗಾಗಿ ಧಾರವಾಡದ ಗ್ರಾಫೂ ಹೀಗೆಯೇ ಬೀಳುತ್ತದೆ. ಸರಿಪಡಿಸಲು ಉಡುಪಿಯ ಅಂಕಿಗಳನ್ನೂ ಅದೇ ಪಟ್ಟಿಗೆ ಸೇರಿಸಿ, ಎರಡೂ ಜಿಲ್ಲೆಗಳನ್ನು ಕೂಡಿಸಿ ನೋಡಿ:

```sql
SELECT varsha, SUM(vistirna) AS ottu
FROM bhatta
WHERE jille IN ('Dakshina Kannada', 'Udupi')
GROUP BY varsha
ORDER BY varsha;
```

1997ಕ್ಕಿಂತ ಹಿಂದೆ ಒಂದೇ ಸಾಲು ಕೂಡುತ್ತದೆ, ಆಮೇಲೆ ಎರಡು. ಹೋಲಿಕೆ ಸರಿಹೋಗುತ್ತದೆ.

ಮಲ್ಪೆಯ ಮಳೆ

ಹಾಗಾದರೆ ಆ ಲೇಖನವನ್ನು ಸದ್ದಿಲ್ಲದೆ ತೆಗೆದುಬಿಡಿ. ಲಿಂಕೂ ಸತ್ತಿದೆಯಲ್ಲ. ಯಾರು ನೋಡುತ್ತಾರೆ?

ಬೆಂದೂರಿನ ಬೆಂಚು

ಪತ್ರಿಕೆಯ ಲಿಂಕ್ ತೆಗೆಯಲಿ. ವಿಷಯವನ್ನು ತೆಗೆಯುವುದು ಬೇಡ. ಲಿಂಕ್ಡ್‌ಇನ್‌ನಲ್ಲೇ ಒಂದು ಲೇಖನ ಬರೆಯಿರಿ: ನಾನು ಹೀಗೆ ಬರೆದಿದ್ದೆ, ಇದು ತಪ್ಪಿತ್ತು, ತಪ್ಪು ಇಲ್ಲಿತ್ತು, ಸರಿಪಡಿಸಿದ ಮೇಲೆ ಗೆರೆ ಹೀಗೆ ಕಾಣುತ್ತದೆ. ಎರಡು ಗ್ರಾಫ್ ಅಕ್ಕಪಕ್ಕ. ಮೊದಲ ಗ್ರಾಫ್ ಸರಿಯಾಗಿಯೇ ಇದ್ದಿದ್ದರೆ ನನಗೆ ಇಷ್ಟು ಆಸಕ್ತಿ ಬರುತ್ತಿರಲಿಲ್ಲ.

ಮಣಿಪಾಲದ ಮೆಟ್ಟಿಲು

ತನ್ನ ತಪ್ಪನ್ನು ತಾನೇ ಅಂಗಡಿಯ ಮುಂದೆ ತೂಗುಹಾಕುವುದೇ? ಮಾನವ ಸಂಪನ್ಮೂಲ ವಿಭಾಗದವರು ‘ತಪ್ಪಿತ್ತು’ ಎಂಬ ಪದವನ್ನಷ್ಟೇ ಓದಿ ಮುಂದೆ ಹೋಗುತ್ತಾರೆ. ನಾನು ಕಂಡ ಜನ ಹಾಗೆ.

ಕುಂದಾಪುರದ ಓದುಗ

ಪತ್ರಿಕೆಗೂ ಒಂದು ತಿದ್ದುಪಡಿ ಕಳುಹಿಸಿ. ಕೆಲಸ ಸಿಗಲಿ ಬಿಡಲಿ, ಓದಿದವರಿಗೆ ಸತ್ಯ ಗೊತ್ತಾಗಬೇಕು.

ಸುರತ್ಕಲ್ ಲೋಕಲ್

ಕಾರ್ಡ್‌ಗಳ ವಿಷಯಕ್ಕೆ ಬರುತ್ತೇನೆ. ಗಿಟ್‌ಹಬ್ ಖಾತೆಯ ಲಿಂಕ್ ಕೊಡುವುದು, ಮದುವೆಗೆ ಕರೆದು ಅಡುಗೆ ಕೋಣೆಯ ಬಾಗಿಲು ತೋರಿಸಿದ ಹಾಗೆ. ಭತ್ತದ ಕೆಲಸದ್ದೊಂದೇ ಕಡತಕೋಶದ ಲಿಂಕ್ ಕೊಡಿ. ಅದರ `README.md` ಮೊದಲ ಸಾಲಿನಲ್ಲೇ ಪ್ರಶ್ನೆ ಇರಲಿ: ಎರಡು ಜಿಲ್ಲೆಗಳನ್ನು ಕೂಡಿಸಿದರೆ ಭತ್ತದ ವಿಸ್ತೀರ್ಣ ಎಷ್ಟು ಬದಲಾಗಿದೆ? ಅದರ ಕೆಳಗೆ ಉತ್ತರ, ಆಮೇಲೆ ಎಸ್‌ಕ್ಯೂಎಲ್.

ಲಿಂಕ್ ಹಾಕಿದಾಗ ಕಾರ್ಡ್‌ನಲ್ಲಿ ಕಾಣುವ ಚಿತ್ರ ಆ ಪುಟದಿಂದಲೇ ಬರುತ್ತದೆ. ಗಿಟ್‌ಹಬ್‌ನಲ್ಲಿ ಆ ಕಡತಕೋಶದ `Settings` ಒಳಗೆ `Social preview` ಎಂದು ಇದೆ, ಅಲ್ಲಿ 1280×640 ಅಳತೆಯ ನಿಮ್ಮ ಗ್ರಾಫ್ ಹಾಕಿ. ಚಿತ್ರ ಬದಲಿಸಿದ ಮೇಲೂ ಲಿಂಕ್ಡ್‌ಇನ್ ಹಳೆಯದನ್ನೇ ತೋರಿಸಬಹುದು, ಅದು ಮೊದಲ ಸಲ ಕಂಡದ್ದನ್ನು ಕೆಲವು ದಿನ ನೆನಪಿಟ್ಟುಕೊಳ್ಳುತ್ತದೆ. `linkedin.com/post-inspector` ತೆರೆದು ಆ ಲಿಂಕ್ ಕೊಟ್ಟರೆ ಹೊಸದಾಗಿ ಓದುತ್ತದೆ. ನಾನು ಅದಾದ ಮೇಲೆ ಕಾರ್ಡ್ ಅಳಿಸಿ ಮತ್ತೆ ಸೇರಿಸಿದೆ, ಸರಿಹೋಯಿತು. ಲಿಂಕ್ ಕಾರ್ಡ್‌ನ ಶೀರ್ಷಿಕೆಯನ್ನು ನಾವೇ ಬರೆಯಬಹುದು. ‘ನನ್ನ ಪ್ರಾಜೆಕ್ಟ್’ ಎಂದು ಬರೆಯಬೇಡಿ, ಮೇಲಿನ ಸಾಲಿನಲ್ಲಿರುವ ಮಾತನ್ನೇ ಬಳಸಿ.

ಪವರ್ ಬಿಐಗೆ ಕಚೇರಿಯದೋ ಕಾಲೇಜಿನದೋ ಖಾತೆ ಬೇಕು, ಜಿಮೇಲ್ ನಡೆಯುವುದಿಲ್ಲ. ಎಲ್ಲರಿಗೂ ಕಾಣುವಂತೆ ಮಾಡುವ `Publish to web` ಸೌಲಭ್ಯವನ್ನು ಆ ಸಂಸ್ಥೆಯವರು ಮುಚ್ಚಿಟ್ಟಿರಬಹುದು. ತೆರೆದಿದ್ದರೂ ಕಾರ್ಖಾನೆಯ ಅಂಕಿಗಳನ್ನು ಅದರಲ್ಲಿ ಎಂದಿಗೂ ಹಾಕಬೇಡಿ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. `.pbix` ಕಡತವನ್ನು ಗಿಟ್‌ಹಬ್‌ನಲ್ಲಿಟ್ಟು, ವರದಿಯ ಪುಟಗಳನ್ನು ಪಿಡಿಎಫ್ ಮಾಡಿದರೆ ಯಾರ ಖಾತೆ ಮುಚ್ಚಿದರೂ ನಿಮಗೆ ಚಿಂತೆಯಿಲ್ಲ.

ಮಲ್ಪೆಯ ಮಳೆ

ನನ್ನದೂ ಒಂದು ಪ್ರಶ್ನೆ. ನಾನು ಮದುವೆಯ ವಿಡಿಯೊ ಸಂಕಲನ ಮಾಡುವವನು. ಇನ್‌ಸ್ಟಾಗ್ರಾಮ್ ಖಾತೆಯ ಲಿಂಕ್ ಹಾಕಿದ್ದೇನೆ. ಅದೂ ಅಡುಗೆ ಕೋಣೆಯ ಬಾಗಿಲೇ?

ಸುರತ್ಕಲ್ ಲೋಕಲ್

ಲಾಗಿನ್ ಆಗದೆ ತೆರೆದು ನೋಡಿ ಅಣ್ಣ, ಸ್ವಲ್ಪ ಸರಿಸುವಷ್ಟರಲ್ಲಿ ಲಾಗಿನ್ ಕೇಳುತ್ತದೆ. ಒಂದೇ ಒಂದು ಮದುವೆಯ ಎರಡು ನಿಮಿಷದ ತುಣುಕನ್ನು ಯೂಟ್ಯೂಬ್‌ನಲ್ಲಿ ಹಾಕಿ ಅದರ ಲಿಂಕ್ ಕೊಡಿ. ಕ್ಯಾಮೆರಾ ಯಾರದು, ಸಂಕಲನ ಯಾರದು ಎಂದು ಕೆಳಗೆ ಬರೆಯಿರಿ. ಮದುಮಕ್ಕಳ ಒಪ್ಪಿಗೆ ಕೇಳಿ.

ಗೇರುಬೀಜದ ಲೆಕ್ಕ

ಹತ್ತು ದಿನದ ನಂತರ ಬರೆಯುತ್ತಿದ್ದೇನೆ.

ಒಂಬತ್ತು ಕಾರ್ಡ್ ಇದ್ದಲ್ಲಿ ಈಗ ಮೂರು. ಮೊದಲನೆಯದು ಗೇರುಬೀಜದ ಪಿಡಿಎಫ್. ಧಣಿಗಳು ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ಓದಿದರು. ಕಾಲ್ಪನಿಕ ಲೆಕ್ಕದಲ್ಲಿ ನಾನು 61 ಪೌಂಡ್ ಔಟ್‌ಟರ್ನ್ ಬರೆದಿದ್ದೆ. ‘ಇಂಥ ಬೀಜ ಎಲ್ಲಿ ಸಿಗುತ್ತದೆ ಮಗಳೇ, ನನಗೂ ಎರಡು ಲೋಡ್ ತರಿಸಿಕೊಡು’ ಎಂದರು. ತಿದ್ದಿದೆ. ಕಾರ್ಖಾನೆಯ ಹೆಸರು ಬೇಡ ಎಂದರು, ಹಾಕಲಿಲ್ಲ. ಎರಡನೆಯದು ಗಿಟ್‌ಹಬ್‌ನ ಭತ್ತದ ಕಡತಕೋಶ, ಪವರ್ ಬಿಐ ಕಡತವೂ ಪುಟಗಳ ಪಿಡಿಎಫ್ ಕೂಡ ಅದರೊಳಗೆ. ಮೂರನೆಯದು ತಪ್ಪಿನ ಬಗ್ಗೆ ಬರೆದ ಲೇಖನ. ಮಣಿಪಾಲದ ಸರ್ ಹೇಳಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅದಕ್ಕೇ ಶೀರ್ಷಿಕೆಯಲ್ಲಿ ‘ತಪ್ಪು’ ಎಂಬ ಪದ ಬಿಟ್ಟು ‘1997ರಲ್ಲಿ ಗದ್ದೆಗಳು ಎಲ್ಲಿಗೆ ಹೋದವು?’ ಎಂದು ಬರೆದೆ. ಎರಡೂ ಜಿಲ್ಲೆ ಕೂಡಿಸಿದ ಮೇಲೂ ಗೆರೆ ಇಳಿಯುತ್ತದೆ, ಆದರೆ ಮೆಲ್ಲಗೆ.

ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಅದರ ವಿಭಾಗಕ್ಕೆ ಹೋಯಿತು. `PL-300`ರ ಎದುರಿಗೆ ಮುಗಿದ ದಿನಾಂಕ ಹಾಕಿದೆ. ಮತ್ತೆ ಪರೀಕ್ಷೆ ಬರೆಯುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ, ಶುಲ್ಕ ಸಣ್ಣದಲ್ಲ.

ಒಂದು ಸಂಶಯ ಉಳಿದಿದೆ. ಲೇಖನ ಕನ್ನಡದಲ್ಲಿದೆ. ಬೆಂಗಳೂರಿನಲ್ಲಿ ಕುಳಿತು ಮಂಗಳೂರಿನ ಕೆಲಸಕ್ಕೆ ಜನ ಆರಿಸುವವರಿಗೆ ಕನ್ನಡ ಬಾರದಿದ್ದರೆ?

ಬೆಂದೂರಿನ ಬೆಂಚು

ಗ್ರಾಫ್‌ನ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಮಾಡಿ, ಲೇಖನದ ಆರಂಭದಲ್ಲಿ ಇಂಗ್ಲಿಷಿನ ನಾಲ್ಕು ಸಾಲು ಹಾಕಿ. ನನಗೆ ಕನ್ನಡವೇ ಸಾಕು.

ಕುಂದಾಪುರದ ಓದುಗ

ನಾಲ್ಕು ಸಾಲೂ ಬೇಡ. ಬೇಕಾದವರು ಓದಿಸಿಕೊಳ್ಳುತ್ತಾರೆ. ಅದಿರಲಿ ತಂಗಿ, ಪತ್ರಿಕೆಗೆ ತಿದ್ದುಪಡಿ ಕಳುಹಿಸಿದಿರಾ?

ಗೇರುಬೀಜದ ಲೆಕ್ಕ

ಕಳುಹಿಸಿದ್ದೇನೆ. ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ.